ಹೋರ್ಡಿಂಗ್‌ಗೆ ನಾಲ್ಕು ಪದ ಸಾಕಾ?

ಪ್ರಶ್ನೆ: ಮೈಸೂರು–ಹುಣಸೂರು ರಸ್ತೆಯಲ್ಲಿ, ಇಲವಾಲಕ್ಕೆ ಸ್ವಲ್ಪ ಮುಂಚೆ ನಮ್ಮ ಹೊಸ ಅಪಾರ್ಟ್‌ಮೆಂಟ್ ಬರ್ತಾ ಇದೆ. 64 ಮನೆ, 2 ಮತ್ತು 3 ಬಿಎಚ್‌ಕೆ, 55 ಲಕ್ಷದಿಂದ ಶುರು. ಮಾಡೆಲ್ ಫ್ಲಾಟ್ ರೆಡಿ ಇದೆ. ಎಡಕ್ಕೆ ಸಿಗುವ ನಮ್ಮ ತಿರುವಿಗೆ 400 ಮೀಟರ್ ಮುಂಚೆ, ಮೈಸೂರಿನಿಂದ ಹೋಗುವವರ ಎಡಗಡೆಗೆ 40x20 ಅಡಿ ಹೋರ್ಡಿಂಗ್ ಬಾಡಿಗೆಗೆ ಸಿಕ್ಕಿದೆ. ಯಜಮಾನರು ಸ್ವಿಮ್ಮಿಂಗ್ ಪೂಲ್, ಕ್ಲಬ್ ಹೌಸ್, ವಾಸ್ತು, ಬ್ಯಾಂಕ್ ಲೋನ್, ಎರಡು ಫೋನ್ ನಂಬರ್, ಕ್ಯೂಆರ್ ಕೋಡ್ ಎಲ್ಲಾ ಬೇಕು ಅಂತಾರೆ. ಏಜೆನ್ಸಿಯವರು ‘ಕನಸಿನ ಮನೆ, ನನಸಾಗುವ ಸಮಯ’ ಅಂತ ಬರೆದು ಕೊಟ್ಟಿದ್ದಾರೆ. ಐದಾರು ಪದಕ್ಕಿಂತ ಜಾಸ್ತಿ ಬೇಡ ಅಂತ ನನಗನ್ನಿಸುತ್ತೆ. ಏನು ಬರೆಯೋದು, ಏನು ಬಿಡೋದು? ರೇರಾ ನಂಬರ್ ಹಾಕಲೇಬೇಕಾ?

ಉತ್ತರ: ಪದಗಳ ಬಗ್ಗೆ ಯೋಚಿಸುವ ಮುಂಚೆ ಆ ಜಾಗಕ್ಕೆ ಒಮ್ಮೆ ಹೋಗಿ ಬನ್ನಿ. ನೀವೇ ಗಾಡಿ ಓಡಿಸಬೇಡಿ. ಯಾರದಾದರೂ ಬೈಕಿನಲ್ಲಿ ಹಿಂದೆ ಕೂತು, ಹೂಟಗಳ್ಳಿ ಕಡೆಯಿಂದ ಇಲವಾಲದ ಕಡೆಗೆ ಹೋಗಿ. ಬೋರ್ಡಿನ ಚೌಕಟ್ಟು ಮೊದಲು ಎಲ್ಲಿಂದ ಕಾಣುತ್ತದೆ, ನಡುವೆ ಮರ ಅಡ್ಡ ಬರುತ್ತದಾ, ವಿದ್ಯುತ್ ಕಂಬ ಅಡ್ಡ ಬರುತ್ತದಾ, ಪಕ್ಕದ ಅಂಗಡಿಯ ಬೋರ್ಡು ಮುಚ್ಚುತ್ತದಾ ಅಂತ ನೋಡಿ. ಮೊಬೈಲಿನಲ್ಲಿ ವಿಡಿಯೋ ಹಿಡಿದರೆ ಇನ್ನೂ ಒಳ್ಳೆಯದು. ಆಮೇಲೆ ಕಚೇರಿಯಲ್ಲಿ ಎಲ್ಲರೂ ಕೂತು ನೋಡಬಹುದು.

ಬೋರ್ಡು 150 ಮೀಟರ್ ದೂರದಿಂದ ಚೆನ್ನಾಗಿ ಕಾಣಲು ಶುರುವಾಗುತ್ತದೆ ಅಂತ ಇಟ್ಟುಕೊಳ್ಳೋಣ. 40 ಮೀಟರ್ ಹತ್ತಿರಕ್ಕೆ ಬಂದ ಮೇಲೆ ಅದು ಪಕ್ಕಕ್ಕೆ ಸರಿಯುತ್ತದೆ. ಕತ್ತು ತಿರುಗಿಸದೆ ಓದೋಕೆ ಆಗುವುದಿಲ್ಲ. ಅಂದರೆ ಓದಲು ಸಿಗುವುದು ಸುಮಾರು 110 ಮೀಟರ್. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 16, 17 ಮೀಟರ್ ಹೋಗುತ್ತದೆ. ಲೆಕ್ಕ ಹಾಕಿದರೆ ಆರೂವರೆ ಸೆಕೆಂಡು. ಅಷ್ಟೂ ಹೊತ್ತು ಯಾರೂ ನಿಮ್ಮ ಬೋರ್ಡನ್ನೇ ನೋಡುವುದಿಲ್ಲ, ನೋಡಲೂಬಾರದು. ಮುಂದಿನ ಬಸ್ಸು, ಅಡ್ಡ ಬರುವ ಸ್ಕೂಟರು, ರಸ್ತೆಯ ಹಂಪು, ಇವುಗಳ ಮೇಲೆ ಅವರ ಕಣ್ಣಿರುತ್ತದೆ. ನಿಮಗೆ ಸಿಗುವುದು ಒಂದೆರಡು ಸೆಕೆಂಡಿನ ಒಂದು ನೋಟ, ಅದೃಷ್ಟವಿದ್ದರೆ ಎರಡು. ನಿಮ್ಮ ‘ಐದಾರು ಪದ’ದ ಅಂದಾಜು ಸರಿಯಾಗಿದೆ.

ಆದರೆ ಕನ್ನಡದಲ್ಲಿ ಪದ ಎಣಿಸಿದರೆ ಸಾಲದು, ಅಕ್ಷರ ಎಣಿಸಬೇಕು. ಹೋರ್ಡಿಂಗ್ ವಿಷಯದಲ್ಲಿ ನಾನು ಎಲ್ಲರಿಗೂ ಮೊದಲು ಹೇಳುವುದು ಇದನ್ನೇ.

ಹೊರಾಂಗಣ ಜಾಹೀರಾತಿನವರು ಬಳಸುವ ಒಂದು ಒರಟು ಲೆಕ್ಕ ಇದೆ. ಅಕ್ಷರದ ಎತ್ತರ ಒಂದು ಇಂಚು ಇದ್ದರೆ ಹತ್ತು ಅಡಿ ದೂರದಿಂದ ಸಲೀಸಾಗಿ ಓದಬಹುದು. ಹಾಗಾಗಿ ಮೂರು ಅಡಿ, ಅಂದರೆ 36 ಇಂಚಿನ ಅಕ್ಷರ 360 ಅಡಿ ದೂರಕ್ಕೆ ಆರಾಮಾಗಿ ಸಲ್ಲುತ್ತದೆ. ಅದು ಸುಮಾರು 110 ಮೀಟರ್, 150ಕ್ಕೆ ಕಡಿಮೆಯಾದರೂ ಒಂದೆರಡು ಸೆಕೆಂಡಿನ ನೋಟಕ್ಕೆ ಸಾಕು. ತೊಂದರೆ ಏನೆಂದರೆ ಈ ಲೆಕ್ಕ ಇಂಗ್ಲಿಷಿನ ದೊಡ್ಡಕ್ಷರಗಳನ್ನು ಮನಸ್ಸಿನಲ್ಲಿಟ್ಟು ಹುಟ್ಟಿದ್ದು. ಅವು ಒಂದೇ ಎತ್ತರದಲ್ಲಿ ಸಾಲಾಗಿ ನಿಲ್ಲುತ್ತವೆ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು ಬರುತ್ತದೆ, ಕೆಳಗೆ ಒತ್ತು ಬರುತ್ತದೆ, ಪಕ್ಕಕ್ಕೆ ದೀರ್ಘ ಬರುತ್ತದೆ. ಮೂಲ ಅಕ್ಷರ ಮೂರು ಅಡಿ ಇರಬೇಕಾದರೆ ಇಡೀ ಸಾಲಿಗೆ ಐದೂವರೆ ಅಡಿಯಾದರೂ ಬಿಡಬೇಕು. ಡಿಸೈನರ್ ಇದನ್ನು ಮರೆತು ‘ಸಾಲಿನ ಎತ್ತರ ಮೂರು ಅಡಿ’ ಅಂತ ಇಟ್ಟರೆ, ಅಕ್ಷರದ ಹೊಟ್ಟೆ ಒಂದೂವರೆ ಅಡಿಗೆ ಇಳಿದಿರುತ್ತದೆ. ಪ ಯಾವುದು, ವ ಯಾವುದು, ಷ ಯಾವುದು ಅಂತ ದೂರದಿಂದ ಗೊತ್ತೇ ಆಗುವುದಿಲ್ಲ.

ಅಗಲದ ಲೆಕ್ಕವೂ ಹಾಗೆಯೇ. ಕನ್ನಡ ಅಕ್ಷರ ದುಂಡಗಿರುವುದರಿಂದ ಎತ್ತರದಷ್ಟೇ ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ ಅಗಲ ಬೇಡುತ್ತದೆ. ಮೂರು ಅಡಿ ಎತ್ತರದ ಒಂದು ಅಕ್ಷರಕ್ಕೆ ಮೂರೂಕಾಲು ಅಡಿ ಅಂತ ಹಿಡಿಯಿರಿ. 40 ಅಡಿ ಬೋರ್ಡಿನಲ್ಲಿ ಎರಡು ಕಡೆ ಅಂಚು ಬಿಟ್ಟರೆ 36 ಅಡಿ ಉಳಿಯುತ್ತದೆ. ಒಂದು ಸಾಲಿಗೆ ಹತ್ತು, ಹೆಚ್ಚೆಂದರೆ ಹನ್ನೊಂದು ಅಕ್ಷರ. ಅಂಥ ಸಾಲು ಎರಡೇ ಹಿಡಿಯುತ್ತವೆ. ಯಾಕೆಂದರೆ ಕೆಳಗೆ ಬೆಲೆ, ಹೆಸರು, ರೇರಾ ವಿವರಗಳಿಗೂ ಜಾಗ ಬೇಕು.

‘ಐಷಾರಾಮಿ 2 ಮತ್ತು 3 ಬಿಎಚ್‌ಕೆ ಅಪಾರ್ಟ್‌ಮೆಂಟ್‌ಗಳು’ ಅನ್ನುವ ಸಾಲನ್ನು ಈ ಅಳತೆಗೆ ಹಾಕಿ ನೋಡಿ. ಎರಡು ಸಾಲಿನಲ್ಲೂ ಹಿಡಿಯುವುದಿಲ್ಲ. ಹಿಡಿಸಲು ಅಕ್ಷರ ಚಿಕ್ಕದು ಮಾಡಬೇಕು. ಅದರ ಮೇಲೆ ‘ಅಪಾರ್ಟ್‌ಮೆಂಟ್’ ಅನ್ನುವುದರಲ್ಲಿ ಒಂದು ಅರ್ಕಾವತ್ತು, ಎರಡು ಅರ್ಧಾಕ್ಷರ ಇವೆ. ಅವೆಲ್ಲ ತೆಳುವಾದ ಗೆರೆಗಳು, ದೂರಕ್ಕೆ ಮೊದಲು ಮಾಯವಾಗುವುದೇ ಅವು. ‘ಮನೆ’ ಅಂದರೆ ಎರಡೇ ಅಕ್ಷರ, ಒತ್ತಿಲ್ಲ. ಹೋರ್ಡಿಂಗ್‌ನಲ್ಲಿ ಪದ ಆರಿಸುವಾಗ ಇಂಥ ವ್ಯತ್ಯಾಸವೇ ಮುಖ್ಯವಾಗುತ್ತದೆ.

ಇನ್ನು ಏಜೆನ್ಸಿಯ ಸಾಲು. ಅಳತೆಯಲ್ಲಿ ಅದಕ್ಕೆ ತೊಂದರೆ ಇಲ್ಲ. ‘ಕನಸಿನ ಮನೆ’ ಆರು ಅಕ್ಷರ, ‘ನನಸಾಗುವ ಸಮಯ’ ಎಂಟು. ಒತ್ತೂ ಇಲ್ಲ. ಚೆನ್ನಾಗಿ ಓದಿಸಿಕೊಳ್ಳುತ್ತದೆ. ಆದರೆ ಓದಿದವರಿಗೆ ಏನು ಸಿಕ್ಕಿತು? ಎಲ್ಲಿ, ಎಷ್ಟು, ಏನು ಮಾಡಬೇಕು, ಯಾವುದೂ ಗೊತ್ತಾಗಲಿಲ್ಲ. ಅದೇ ಸಾಲನ್ನು ಬೋಗಾದಿ ರಸ್ತೆಯ ಇನ್ನೊಬ್ಬ ಬಿಲ್ಡರ್ ಹೆಸರಿನ ಮೇಲೆ ಹಾಕಿ. ಒಂದಕ್ಷರವೂ ಸುಳ್ಳಾಗುವುದಿಲ್ಲ. ಹಾಗಿದ್ದ ಮೇಲೆ ಅದು ನಿಮ್ಮ ಸಾಲು ಅಲ್ಲ, ಅಲ್ವಾ? ನಿಮ್ಮ ಕೈಯಲ್ಲಿ ಮಾತ್ರ ಇರುವ ಯಾವುದೋ ಒಂದು ಸಂಗತಿ ಬೇಕು.

ಅದು ನಿಮ್ಮ ಪ್ರಶ್ನೆಯಲ್ಲೇ ಇದೆ. ಬೋರ್ಡು ತಿರುವಿಗೆ 400 ಮೀಟರ್ ಮುಂಚೆ ಇದೆ. ತಿರುವು ಎಡಕ್ಕೆ. ಮಾಡೆಲ್ ಫ್ಲಾಟ್ ರೆಡಿ. ಹೆಚ್ಚಿನ ಬಿಲ್ಡರುಗಳಿಗೆ ಹೋರ್ಡಿಂಗ್ ಒಂದು ಕಡೆ ಸಿಗುತ್ತದೆ, ಪ್ರಾಜೆಕ್ಟ್ ಇನ್ನೊಂದು ಮೂಲೆಯಲ್ಲಿರುತ್ತದೆ. ಅವರು ‘ಇನ್ನು 9 ಕಿಲೋಮೀಟರ್’ ಅಂತ ಬರೆದುಕೊಳ್ಳಬೇಕು. ನಿಮ್ಮ ಬೋರ್ಡು ಓದಿದವರು ಅರ್ಧ ನಿಮಿಷದೊಳಗೆ ತಿರುವಿನಲ್ಲಿರುತ್ತಾರೆ. ಈ ಅನುಕೂಲವನ್ನೇ ಬರೆಯಿರಿ:

ಎಡಕ್ಕೆ ತಿರುಗಿ
ಮನೆ ನೋಡಿ

ನಾಲ್ಕು ಪದ, ಹತ್ತು ಅಕ್ಷರ. ಮೊದಲ ಸಾಲಿನಲ್ಲಿ ಆರು, ಎರಡನೆಯದರಲ್ಲಿ ನಾಲ್ಕು. ಒತ್ತು ಇರುವುದು ‘ಎಡಕ್ಕೆ’ಯಲ್ಲಿ ಒಂದೇ ಕಡೆ. ಅದು ಮಸುಕಾದರೂ ಪದ ಗೊತ್ತಾಗುತ್ತದೆ, ಪಕ್ಕದಲ್ಲಿ ಬಾಣದ ಗುರುತೂ ಇರುತ್ತದೆ. ಮನೆ ಹುಡುಕುತ್ತಿರುವವರು ತಾವೇ ಆಡುವ ಮಾತು ‘ಮನೆ ನೋಡೋದು’. ಭಾನುವಾರ ಏನು ಮಾಡಿದಿರಿ ಅಂತ ಕೇಳಿದರೆ ‘ಎರಡು ಮನೆ ನೋಡಿ ಬಂದ್ವಿ’ ಅನ್ನುತ್ತಾರೆ. ಆ ಮಾತು ಕಿವಿಗೆ ಹೊಸದಲ್ಲ, ಹಾಗಾಗಿ ಒಂದೇ ನೋಟಕ್ಕೆ ತಲೆಗೆ ಇಳಿಯುತ್ತದೆ. ‘ಮನೆ ಕೊಳ್ಳಿ’ ಅಂದಿದ್ದರೆ ಜನ ಹಿಂದೆ ಸರಿಯುತ್ತಿದ್ದರು. ನೋಡುವುದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಈ ಸಾಲು ಹಾಕುವುದಕ್ಕೆ ಎರಡು ಷರತ್ತು ಇವೆ. ತಿರುವಿನಲ್ಲಿ ನಿಮ್ಮ ಹೆಸರಿನ ಇನ್ನೊಂದು ಚಿಕ್ಕ ಬೋರ್ಡು, ಬಾಣದ ಜೊತೆ, ಬೋರ್ಡು ಏರುವ ದಿನವೇ ನಿಂತಿರಬೇಕು. ಇಲ್ಲದಿದ್ದರೆ ಜನ ತಪ್ಪು ರಸ್ತೆಗೆ ನುಗ್ಗುತ್ತಾರೆ, ಅಥವಾ ತಿರುವು ದಾಟಿ ಹೋಗುತ್ತಾರೆ. ಎರಡನೆಯದು, ಸಂಜೆ ಏಳರವರೆಗೆ ಮತ್ತು ಭಾನುವಾರ ಪೂರ್ತಿ ಮಾಡೆಲ್ ಫ್ಲಾಟಿನ ಬಾಗಿಲು ತೆರೆದಿರಬೇಕು. ‘ಮನೆ ನೋಡಿ’ ಅಂತ ಕರೆದು, ಬಂದವರಿಗೆ ಸೆಕ್ಯುರಿಟಿಯವನು ‘ಸರ್ ನಾಳೆ ಬನ್ನಿ’ ಅಂದರೆ ಅವರು ಮತ್ತೆ ಬರುವುದಿಲ್ಲ. ಇವೆರಡಕ್ಕೂ ನಿಮ್ಮ ಯಜಮಾನರು ಒಪ್ಪದಿದ್ದರೆ ಈ ಸಾಲು ಬಿಡಿ. ‘ಇಲವಾಲದ ಬಳಿ ಮನೆ, ₹55 ಲಕ್ಷದಿಂದ’ ಅಂತ ಹಾಕಿ. ಅಷ್ಟು ಚುರುಕಿಲ್ಲ, ಆದರೆ ಸುಳ್ಳಾಗುವುದಿಲ್ಲ.

ಹೆಡ್‌ಲೈನಿನ ಕೆಳಗೆ ಒಂದೇ ಒಂದು ಸಾಲು, ಅರ್ಧ ಗಾತ್ರದಲ್ಲಿ: ‘2, 3 ಬಿಎಚ್‌ಕೆ, ₹55 ಲಕ್ಷದಿಂದ’. ಅದರ ಪಕ್ಕದಲ್ಲಿ ಪ್ರಾಜೆಕ್ಟ್ ಹೆಸರು. ಮೂಲ ಅಕ್ಷರ ಒಂದೂವರೆ ಅಡಿ ಇದ್ದರೆ 180 ಅಡಿಯಿಂದ, ಅಂದರೆ 55 ಮೀಟರಿನಿಂದ ಓದಬಹುದು. ಮೊದಲ ಎರಡು ಸಾಲು ಓದಿ ಆಸಕ್ತಿ ಬಂದವರು ಮತ್ತೆ ಕಣ್ಣು ಹಾಯಿಸುವ ಹೊತ್ತಿಗೆ ಅಷ್ಟು ಹತ್ತಿರ ಬಂದಿರುತ್ತಾರೆ. ಬೆಲೆ ಹಾಕುವುದಕ್ಕೆ ಯಜಮಾನರು ಹಿಂಜರಿಯಬಹುದು. ಹಾಕಿಸಿ. ನಿಮ್ಮ ಬೆಲೆ ಕೈಗೆಟುಕದವರು ಸುಮ್ನೆ ಬಂದು ಹೋಗುವುದು ತಪ್ಪುತ್ತದೆ. ಎಟುಕುವವರಿಗೆ ‘ಇದು ನಮಗಲ್ಲ’ ಅನ್ನುವ ಅಳುಕು ಹೋಗುತ್ತದೆ.

ಆದರೆ ಆ ‘ದಿಂದ’ದ ಹಿಂದೆ ಎಷ್ಟು ಮನೆ ಇವೆ ಅಂತ ಸೇಲ್ಸ್‌ನವರನ್ನು ಕೇಳಿ. 64ರಲ್ಲಿ ಎರಡೇ ಮನೆ 55ಕ್ಕೆ ಇದ್ದು, ಅವೂ ಆಗಲೇ ಬುಕ್ ಆಗಿದ್ದರೆ ಆ ಅಂಕಿ ಹಾಕಬೇಡಿ. ಇನ್ನೊಂದು, 55ರಲ್ಲಿ ಏನೇನು ಸೇರಿದೆ? ಕಟ್ಟುತ್ತಿರುವ ಮನೆಗೆ, ಸರ್ಕಾರದ ಲೆಕ್ಕದ ‘ಕೈಗೆಟುಕುವ ಮನೆ’ಗಳನ್ನು ಬಿಟ್ಟರೆ, 5% ಜಿಎಸ್‌ಟಿ ಇದೆ. 55 ಲಕ್ಷಕ್ಕೆ ಅದೇ 2.75 ಲಕ್ಷ. ಅದರ ಮೇಲೆ ಕಾರ್ ಪಾರ್ಕಿಂಗ್, ವಿದ್ಯುತ್ ಮತ್ತು ನೀರಿನ ಠೇವಣಿ, ಕ್ಲಬ್ ಹೌಸ್ ಸದಸ್ಯತ್ವ, ಕೊನೆಗೆ ಮುದ್ರಾಂಕ ಶುಲ್ಕ, ನೋಂದಣಿ. ಬೋರ್ಡು ನೋಡಿ 55 ಅಂತ ಬಂದವರು ಕೊಟೇಶನ್ನಿನಲ್ಲಿ 65 ನೋಡಿದರೆ ಅಲ್ಲಿಗೆ ಮಾತು ಮುಗಿಯಿತು. ಪಾರ್ಕಿಂಗ್ ಮತ್ತು ಠೇವಣಿಗಳನ್ನು ಸೇರಿಸಿಯೇ ಬೋರ್ಡಿನ ಅಂಕಿ ಹೇಳಿ, ಅದು 59 ಆದರೂ ಪರವಾಗಿಲ್ಲ. ತೆರಿಗೆ ಮತ್ತು ನೋಂದಣಿ ಬೇರೆ ಅನ್ನುವುದು ಕೊಳ್ಳುವವರಿಗೆ ಗೊತ್ತಿರುತ್ತದೆ. ಮಿಕ್ಕದ್ದು ಗೊತ್ತಿರುವುದಿಲ್ಲ.

ಈಜುಕೊಳ, ಕ್ಲಬ್ ಹೌಸ್, ವಾಸ್ತು, ಬ್ಯಾಂಕ್ ಲೋನ್, ಇವೆಲ್ಲ ಬೋರ್ಡಿನಲ್ಲಿ ಬೇಡ. ಮಾಡೆಲ್ ಫ್ಲಾಟಿಗೆ ಬಂದವರು ಅವನ್ನು ಕಣ್ಣಾರೆ ನೋಡಬಹುದು, ಕೇಳಬಹುದು. ಕಟ್ಟಡದ ಚಿತ್ರವೂ ಬೇಡ. ಕಂಪ್ಯೂಟರಿನಲ್ಲಿ ಮಾಡಿದ ಎಲಿವೇಶನ್ ಚಿತ್ರ ನೂರು ಮೀಟರ್ ದೂರದಿಂದ ಎಲ್ಲಾ ಪ್ರಾಜೆಕ್ಟಿಗೂ ಒಂದೇ ಥರ ಕಾಣುತ್ತದೆ, ಅಕ್ಷರದ ಜಾಗವನ್ನೂ ನುಂಗುತ್ತದೆ.

ಫೋನ್ ನಂಬರ್ ವಿಷಯದಲ್ಲಿ ಸ್ವಲ್ಪ ಜಗಳವಾಗುತ್ತದೆ, ನನಗೆ ಗೊತ್ತು. ಓಡುವ ಗಾಡಿಯಲ್ಲಿ ಹತ್ತು ಅಂಕಿ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಎರಡು ನಂಬರ್ ಇದ್ದರಂತೂ ಒಂದೂ ನೆನಪಿರುವುದಿಲ್ಲ. ನಿಮ್ಮ ಬೋರ್ಡು ಜನರಿಗೆ ಫೋನ್ ಮಾಡಿ ಅನ್ನುತ್ತಿಲ್ಲ, ತಿರುಗಿ ಅನ್ನುತ್ತಿದೆ. ನಂಬರನ್ನು ತಿರುವಿನ ಚಿಕ್ಕ ಬೋರ್ಡಿಗೆ ಮತ್ತು ಗೇಟಿಗೆ ಕಳಿಸಿ. ಅಲ್ಲಿ ಗಾಡಿ ನಿಲ್ಲಿಸಿ ಓದುತ್ತಾರೆ. ಮನೆಗೆ ಹೋಗಿ ಹುಡುಕುವವರು ಪ್ರಾಜೆಕ್ಟ್ ಹೆಸರನ್ನು ಮೊಬೈಲಿನಲ್ಲಿ ಹಾಕುತ್ತಾರೆ. ಆ ಹೆಸರನ್ನು ಕನ್ನಡದಲ್ಲಿ ಬರೆದರೂ ಇಂಗ್ಲಿಷಿನಲ್ಲಿ ಬರೆದರೂ, ಒಂದಕ್ಷರ ಆಚೀಚೆ ಆದರೂ, ಗೂಗಲ್ ಮ್ಯಾಪಿನಲ್ಲಿ ನಿಮ್ಮ ಜಾಗವೇ ಬರುತ್ತದಾ ಅಂತ ಈಗಲೇ ಹಾಕಿ ನೋಡಿ. ಎರಡು ಫೋನ್ ನಂಬರಿಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ನಿಮ್ಮ ವೆಬ್‌ಸೈಟಿನ ಕ್ಯೂಆರ್ ಕೋಡಿಗೂ ಒಂದು ಲೆಕ್ಕ ಇದೆ. ಸ್ಕ್ಯಾನ್ ಮಾಡುವ ದೂರದ ಹತ್ತನೇ ಒಂದು ಭಾಗದಷ್ಟು ಅಗಲ ಬೇಕು. 60 ಮೀಟರಿನಿಂದ ಸ್ಕ್ಯಾನ್ ಆಗಬೇಕಾದರೆ ಕೋಡು ಆರು ಮೀಟರ್ ಅಗಲ, ಅಂದರೆ ಹತ್ತಿರ ಹತ್ತಿರ 20 ಅಡಿ. ಬೋರ್ಡಿನ ಎತ್ತರವೇ ಅಷ್ಟು. ಅದಕ್ಕಿಂತ ಮುಖ್ಯವಾಗಿ, ಓಡುವ ಬೈಕಿನಿಂದ ಯಾರಾದರೂ ಮೊಬೈಲ್ ಎತ್ತಿ ಹಿಡಿಯಲಿ ಅಂತ ನಾವು ಬಯಸಲೇಬಾರದು. ಬಸ್ ಸ್ಟಾಪಿನಲ್ಲಾದರೆ ಹಾಕಿ.

ಈಗ ರೇರಾ. ಹಾಕಲೇಬೇಕು. 2016ರ ರಿಯಲ್ ಎಸ್ಟೇಟ್ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಬಿಲ್ಡರ್ ಕೊಡುವ ಜಾಹೀರಾತಿನಲ್ಲಿ ರೇರಾ ಪ್ರಾಧಿಕಾರದ ವೆಬ್‌ಸೈಟ್ ವಿಳಾಸ ಎದ್ದು ಕಾಣುವಂತೆ ಇರಬೇಕು, ಜೊತೆಗೆ ನೋಂದಣಿ ಸಂಖ್ಯೆ ಇರಬೇಕು. ಎಷ್ಟೋ ಬೋರ್ಡುಗಳಲ್ಲಿ ನಂಬರ್ ಇರುತ್ತದೆ, ವೆಬ್‌ಸೈಟ್ ಬಿಟ್ಟುಹೋಗಿರುತ್ತದೆ. ನಮ್ಮ ರಾಜ್ಯಕ್ಕೆ ಆ ವಿಳಾಸ rera.karnataka.gov.in. ಈ ನಿಯಮ ತಪ್ಪಿದರೆ ಪ್ರಾಜೆಕ್ಟಿನ ಅಂದಾಜು ವೆಚ್ಚದ 5%ವರೆಗೆ ದಂಡ ಹಾಕಬಹುದು.

ನಂಬರ್ ಇನ್ನೂ ಕೈಗೆ ಬಂದಿಲ್ಲದಿದ್ದರೆ ಬೋರ್ಡೇ ಹಾಕುವ ಹಾಗಿಲ್ಲ. ಎಂಟಕ್ಕಿಂತ ಜಾಸ್ತಿ ಮನೆ ಇರುವ, 500 ಚದರ ಮೀಟರಿಗಿಂತ ದೊಡ್ಡ ಜಾಗದ ಪ್ರಾಜೆಕ್ಟನ್ನು ನೋಂದಣಿ ಆಗುವ ಮುಂಚೆ ಜಾಹೀರು ಮಾಡುವುದೇ ತಪ್ಪು ಅಂತ 3ನೇ ಸೆಕ್ಷನ್ ಹೇಳುತ್ತದೆ. ಬರೀ ಹೆಸರು ಹಾಕಿ ‘ಶೀಘ್ರದಲ್ಲೇ’ ಅಂದರೆ ಜಾಹೀರಾತು ಆಗುವುದಿಲ್ಲ ಅಂತ ಕೆಲವರು ತಿಳಿದುಕೊಂಡಿದ್ದಾರೆ. ಪದ ಕಡಿಮೆ ಇದ್ದ ಮಾತ್ರಕ್ಕೆ ಅದು ಜಾಹೀರಾತು ಅಲ್ಲ ಅಂತ ಆಗುವುದಿಲ್ಲ. ಇಲ್ಲಿ ದಂಡ ಅಂದಾಜು ವೆಚ್ಚದ 10%ವರೆಗೆ ಹೋಗಬಹುದು. ನಿಮ್ಮ ಪ್ರಾಜೆಕ್ಟಿನ ವೆಚ್ಚ 30 ಕೋಟಿ ಅಂತ ಹಿಡಿದರೆ ಅದು 3 ಕೋಟಿ. ಅದೇ ಕಾಯ್ದೆಯ 12ನೇ ಸೆಕ್ಷನ್ ಇನ್ನೊಂದು ಮಾತು ಹೇಳುತ್ತದೆ. ಜಾಹೀರಾತಿನ ಸುಳ್ಳು ಮಾಹಿತಿ ನಂಬಿ ದುಡ್ಡು ಕಟ್ಟಿ ನಷ್ಟ ಅನುಭವಿಸಿದವರಿಗೆ ಬಿಲ್ಡರ್ ಪರಿಹಾರ ಕೊಡಬೇಕು. ಅವರು ಹಿಂದೆ ಸರಿಯುತ್ತೇವೆ ಅಂದರೆ ಕಟ್ಟಿದ ದುಡ್ಡನ್ನು ಬಡ್ಡಿ ಸಮೇತ ವಾಪಸ್ ಕೊಡಬೇಕು. ‘ಹತ್ತೇ ನಿಮಿಷ’, ‘ಮೈಸೂರಿನ ನಂ. 1’ ಅನ್ನುವ ಮಾತುಗಳಿಂದ ದೂರ ಇರಿ ಅಂತ ನಾನು ಹೇಳುವುದು ಇದಕ್ಕೇ. 400 ಮೀಟರ್ ಅನ್ನುವುದನ್ನು ಟೇಪು ಹಿಡಿದು ಅಳೆಯಬಹುದು. ಹತ್ತು ನಿಮಿಷ ಯಾರ ಗಡಿಯಾರದ್ದು?

ಅಳತೆ ನೋಡೋಣ. ನಮ್ಮಲ್ಲಿ ನೋಂದಣಿ ಸಂಖ್ಯೆ PRM/KA/RERA ಅಂತ ಶುರುವಾಗುತ್ತದೆ. ಓರೆಗೆರೆಗಳೂ ಸೇರಿ 35ಕ್ಕೂ ಜಾಸ್ತಿ ಚಿಹ್ನೆ ಆಗುತ್ತದೆ. ಬೋರ್ಡಿನ ತಳದಲ್ಲಿ ಎರಡು ಅಡಿಯ ಪಟ್ಟಿ ಬಿಡಿ. ಎಂಟು ಇಂಚಿನ ಅಕ್ಷರದಲ್ಲಿ ಸಂಖ್ಯೆ ಸುಮಾರು 17 ಅಡಿ, ವೆಬ್‌ಸೈಟ್ ಸುಮಾರು 9 ಅಡಿ ತೆಗೆದುಕೊಳ್ಳುತ್ತದೆ. ಒಂದೇ ಸಾಲಿನಲ್ಲಿ ಕೂರುತ್ತದೆ. ರಸ್ತೆ ಬದಿ ನಿಂತವರು 80 ಅಡಿ ದೂರದಿಂದ ಓದಬಹುದು. ಬಣ್ಣದ ಮೇಲೆ ಬಣ್ಣ ಹಾಕಿ ಅದನ್ನು ಮರೆಮಾಡಬೇಡಿ. ಈ ಪಟ್ಟಿಯನ್ನು ಡಿಸೈನಿನ ಮೊದಲ ದಿನವೇ ಹಾಕಿಬಿಡಿ. ಕೊನೆಗೆ ಸೇರಿಸುವಾಗಲೇ ಅಕ್ಷರ ಎರಡು ಇಂಚಿಗೆ ಇಳಿಯುವುದು. ಪ್ರಿಂಟ್‌ಗೆ ಕಳಿಸುವ ಮುಂಚೆ ಜಾಹೀರಾತಿನ ಬಗ್ಗೆ ರಾಜ್ಯ ರೇರಾದ ಇತ್ತೀಚಿನ ಸುತ್ತೋಲೆಗಳನ್ನೂ ಒಮ್ಮೆ ನೋಡಿ. ಅವರು ಬೇರೆ ಏನಾದರೂ ಕೇಳಿದ್ದರೆ ಅದೂ ಇದೇ ಪಟ್ಟಿಯಲ್ಲಿ ಕೂರಲಿ.

20 ಅಡಿಯಲ್ಲಿ ಎಲ್ಲಾ ಹಿಡಿಯುತ್ತದಾ? ಹಿಡಿಯುತ್ತದೆ. ಮೇಲೆ ಒಂದೂವರೆ ಅಡಿ ಅಂಚು, ಮೊದಲ ಸಾಲಿಗೆ ಐದೂವರೆ, ಒತ್ತಿಲ್ಲದ ಎರಡನೇ ಸಾಲಿಗೆ ಐದು, ಬೆಲೆ ಮತ್ತು ಹೆಸರಿಗೆ ಮೂರು, ರೇರಾ ಪಟ್ಟಿಗೆ ಎರಡು. ಒಟ್ಟು 17. ಉಳಿದ ಮೂರು ಅಡಿ ಸಾಲುಗಳ ನಡುವಿನ ಖಾಲಿ ಜಾಗ. ಅದನ್ನು ತುಂಬಿಸಬೇಡಿ. ‘ಎಡಕ್ಕೆ ತಿರುಗಿ’ ಅನ್ನುವುದು 22 ಅಡಿ ಅಗಲದಲ್ಲಿ ಮುಗಿಯುತ್ತದೆ. ಹಾಗಾಗಿ ಎಡಬದಿಯಲ್ಲಿ ಹತ್ತು ಅಡಿ ಅಗಲದ ಒಂದು ಬಾಣಕ್ಕೆ ಜಾಗ ಸಿಗುತ್ತದೆ. ಅಕ್ಷರಕ್ಕಿಂತ ಮುಂಚೆ ಕಣ್ಣಿಗೆ ಬೀಳುವುದು ಆ ಬಾಣ.

ಬಣ್ಣದ ವಿಷಯದಲ್ಲಿ ನಿಮ್ಮ ಜಾಗಕ್ಕೇ ಇರುವ ಒಂದು ಸೂಕ್ಷ್ಮ ಗಮನಿಸಿ. ಮೈಸೂರಿನಿಂದ ಹುಣಸೂರಿನ ಕಡೆಗೆ ಹೋಗುವುದೆಂದರೆ ಪಡುವಣಕ್ಕೆ ಹೋಗುವುದು. ಸಂಜೆ ಕೆಲಸ ಮುಗಿಸಿ ಹೊರಟವರಿಗೆ ಸೂರ್ಯ ಎದುರಿಗೇ ಇರುತ್ತಾನೆ, ಅಂದರೆ ನಿಮ್ಮ ಬೋರ್ಡಿನ ಬೆನ್ನಿಗೆ. ಬೋರ್ಡಿನ ಮುಖ ನೆರಳಿನಲ್ಲಿ ಇರುತ್ತದೆ. ಕಡುನೀಲಿ ಅಥವಾ ಮರೂನ್ ಹಿನ್ನೆಲೆಯ ಮೇಲೆ ಬಂಗಾರದ ಅಕ್ಷರ ಹಾಕಿದರೆ, ಬಿಲ್ಡರುಗಳಿಗೆ ಅದು ತುಂಬಾ ಇಷ್ಟ, ಆ ಹೊತ್ತಿನಲ್ಲಿ ಕಪ್ಪು ಹಲಗೆ ನಿಂತ ಹಾಗೆ ಕಾಣುತ್ತದೆ. ಹಿನ್ನೆಲೆ ತಿಳಿಯಾಗಿರಲಿ, ಬಿಳಿ ಅಥವಾ ತಿಳಿಹಳದಿ. ಅಕ್ಷರ ಕಪ್ಪು ಅಥವಾ ಕಡುಗೆಂಪು, ದಪ್ಪ. ಹಸಿರು ಹಿನ್ನೆಲೆಯ ಮೇಲೆ ಬಿಳಿ ಬಾಣ ಮಾತ್ರ ಬೇಡ. ಹೆದ್ದಾರಿಯ ದಾರಿಫಲಕ ಇರುವುದೇ ಹಾಗೆ. ಯಾರಾದರೂ ಅದನ್ನು ರಸ್ತೆಯ ಸೂಚನೆ ಅಂದುಕೊಂಡು ತಟ್ಟನೆ ಎಡಕ್ಕೆ ಎಳೆದರೆ ಅಪಾಯ. ಕತ್ತಲಾದ ಮೇಲೆ ಎಷ್ಟು ಗಂಟೆಯವರೆಗೆ ಲೈಟ್ ಹಾಕುತ್ತಾರೆ, ಎಷ್ಟು ಲೈಟ್ ಇವೆ ಅಂತ ಬೋರ್ಡಿನ ಮಾಲೀಕರ ಹತ್ತಿರ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಪ್ರಿಂಟಿಂಗ್‌ನಲ್ಲಿ ಕನ್ನಡ ಕೆಡುವುದು ಮಾಮೂಲು. ಹಳೆಯ ನುಡಿ ಫಾಂಟಿನ ಅಕ್ಷರವನ್ನು ಯೂನಿಕೋಡಿಗೆ ಬದಲಿಸುವಾಗ, ಅಥವಾ ಡಿಸೈನ್ ಸಾಫ್ಟ್‌ವೇರಿನಲ್ಲಿ ಭಾರತೀಯ ಭಾಷೆಗಳ ಸೆಟ್ಟಿಂಗ್ ಆನ್ ಮಾಡದಿದ್ದಾಗ, ಒತ್ತಕ್ಷರ ಬಿಚ್ಚಿಕೊಳ್ಳುತ್ತದೆ, ಇಲ್ಲವೇ ಬೇಡದ ಕಡೆ ಒತ್ತು ಅಂಟಿಕೊಳ್ಳುತ್ತದೆ. ‘ಎಡಕ್ಕೆ’ ಹೋಗಿ ‘ಎಡಕ್‌ಕೆ’ ಆಗುತ್ತದೆ. ‘ಬಿಎಚ್‌ಕೆ’ ಹೋಗಿ ‘ಬಿಎಚ್ಕೆ’ ಆಗುತ್ತದೆ. ಕನ್ನಡ ಓದಲು ಬರುವ ಇಬ್ಬರು ಕೊನೆಯ ಫೈಲನ್ನು ಒಂದೊಂದೇ ಅಕ್ಷರ ಬೆರಳಿಟ್ಟು ನೋಡಲಿ. ಸರಿ ಇದೆ ಅಂತಾದ ಮೇಲೆ ಅಕ್ಷರಗಳನ್ನು ಔಟ್‌ಲೈನ್ ಮಾಡಿಸಿಯೇ ಪ್ರೆಸ್ಸಿಗೆ ಕಳಿಸಿ. ಆಗ ಅಲ್ಲಿನ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದರೂ ಏನೂ ಕೆಡುವುದಿಲ್ಲ. ಫಾಂಟ್ ಆರಿಸುವಾಗ ಸುತ್ತು, ಬಳುಕು ಇಲ್ಲದ, ಒಂದೇ ದಪ್ಪದ ಗೆರೆಯದ್ದು ನೋಡಿ.

ಯಜಮಾನರನ್ನು ಒಪ್ಪಿಸಬೇಕಲ್ಲ? ವಾದ ಬೇಡ, ಒಂದು ಎ4 ಹಾಳೆ ಸಾಕು. ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಂಡು ಅದರ ಪೂರ್ತಿ ಅಗಲಕ್ಕೆ ಡಿಸೈನನ್ನು ಪ್ರಿಂಟ್ ತೆಗೆಯಿರಿ. ಅಗಲ 297 ಮಿಲಿಮೀಟರ್, ಎತ್ತರ 148. ಇದು ನಿಮ್ಮ ಬೋರ್ಡಿನ ಸುಮಾರು 41ನೇ ಒಂದು ಭಾಗ. ಗೋಡೆಗೆ ಅಂಟಿಸಿ ಎರಡೂವರೆ ಮೀಟರ್ ದೂರ ನಿಂತರೆ, ರಸ್ತೆಯಲ್ಲಿ ನೂರು ಮೀಟರ್ ದೂರ ನಿಂತ ಲೆಕ್ಕ. ಎರಡು ಪ್ರಿಂಟ್ ಮಾಡಿ, ಒಂದು ಯಜಮಾನರು ಹೇಳಿದ ಹಾಗೆ ಎಲ್ಲಾ ತುಂಬಿದ್ದು, ಇನ್ನೊಂದು ಈ ನಾಲ್ಕು ಪದದ್ದು. ಎರಡರ ಮೇಲೂ ಬಿಳಿ ಹಾಳೆ ಮುಚ್ಚಿ. ಒಂದೊಂದನ್ನೂ ಎರಡು ಸೆಕೆಂಡು ತೆರೆದು ತೋರಿಸಿ, ಮುಚ್ಚಿ, ‘ಏನಿತ್ತು ಸರ್?’ ಅಂತ ಕೇಳಿ. ಪ್ರಾಜೆಕ್ಟಿನ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರನ್ನೂ ಜೊತೆಗೆ ಕರೆದುಕೊಳ್ಳಿ, ಲೆಕ್ಕ ನೋಡುವವರೋ ಡ್ರೈವರೋ ಯಾರಾದರೂ ಸರಿ. ಯಜಮಾನರಿಗೆ ಅದರಲ್ಲಿ ಏನಿದೆ ಅಂತ ಮೊದಲೇ ಗೊತ್ತಿರುತ್ತದೆ. ಹೊಸಬರ ಉತ್ತರವನ್ನೇ ನಂಬಿ.

ಬೋರ್ಡಿನ ಹಿಂಬದಿಯನ್ನೂ ಬಾಡಿಗೆಗೆ ಕೊಡುತ್ತೇವೆ ಅಂತ ಮಾಲೀಕರು ಹೇಳಬಹುದು. ತೆಗೆದುಕೊಂಡರೆ ಅದೇ ಫ್ಲೆಕ್ಸನ್ನು ಅಲ್ಲಿಗೂ ಹಾಕಬೇಡಿ. ಹುಣಸೂರು ಕಡೆಯಿಂದ ಬರುವವರು ಅಷ್ಟು ಹೊತ್ತಿಗೆ ನಿಮ್ಮ ತಿರುವು ದಾಟಿ ಆಗಿರುತ್ತದೆ, ಅವರಿಗೆ ಅದು ಬಲಗಡೆಗೆ ಇತ್ತು. ‘ಎಡಕ್ಕೆ ತಿರುಗಿ’ ಅಂದರೆ ಯಾವುದೋ ಗದ್ದೆಗೆ ಕಳಿಸಿದ ಹಾಗೆ. ಆ ಬದಿಗೆ ಊರು ಮತ್ತು ಬೆಲೆಯ ಸಾಲು ಹಾಕಿ, ಬಾಣ ತೆಗೆಯಿರಿ.

ಬೋರ್ಡು ಏರಿದ ದಿನದಿಂದ ಮಾಡೆಲ್ ಫ್ಲಾಟಿನ ಬಾಗಿಲಲ್ಲಿ ಒಂದು ಪುಸ್ತಕ ಇಡಿ. ಬಂದವರು ಎಲ್ಲಿ ನೋಡಿ ಬಂದರು, ಮೊದಲು ಏನು ಕೇಳಿದರು, ಇವೆರಡನ್ನು ಮಾತ್ರ ಬರೆಯಲಿ. ಮೂರು ವಾರದ ಪುಟ ತಿರುವಿದರೆ ಬೋರ್ಡಿನ ಯಾವ ಭಾಗ ಓದಿಸಿಕೊಳ್ಳುತ್ತಿದೆ ಅಂತ ಗೊತ್ತಾಗುತ್ತದೆ. ‘ಬೋರ್ಡು ನೋಡಿದ್ವಿ, ರೇಟ್ ಎಷ್ಟು?’ ಅಂತಲೇ ಜಾಸ್ತಿ ಜನ ಕೇಳುತ್ತಿದ್ದರೆ ಬೆಲೆಯ ಸಾಲು ಕಣ್ಣಿಗೆ ಬೀಳುತ್ತಿಲ್ಲ, ಅದರ ಗಾತ್ರ ಹೆಚ್ಚಿಸಿ. ‘ತಿರುವು ದಾಟಿ ಹೋಗಿ ವಾಪಸ್ ಬಂದ್ವಿ’ ಅನ್ನುವವರು ಹೆಚ್ಚಿದ್ದರೆ ದೊಡ್ಡ ಬೋರ್ಡಿನ ತಪ್ಪಿಲ್ಲ, ತಿರುವಿನ ಚಿಕ್ಕ ಬೋರ್ಡನ್ನು 50 ಮೀಟರ್ ಹಿಂದಕ್ಕೆ ತನ್ನಿ. ಬೋರ್ಡಿನ ಹೆಸರನ್ನೇ ಯಾರೂ ಎತ್ತದಿದ್ದರೆ ಮೊದಲು ಹೋಗಿ ನೋಡಬೇಕಾದ್ದು ಆ ರಸ್ತೆಯನ್ನು. ಮಳೆಗಾಲದಲ್ಲಿ ಮರದ ಕೊಂಬೆ ಬೆಳೆದು ಬೋರ್ಡಿನ ಅರ್ಧ ಮುಚ್ಚಿರುವ ಸಾಧ್ಯತೆ ಇರುತ್ತದೆ.